ಜಲಚಕ್ರದ ಪೋಸ್ಟರ್‌ಗೆ ಪ್ರಾಂಪ್ಟ್ ಬರೆಯುವ ಬಗೆ

ಶಿಕ್ಷಕರ ಗುಂಪಿನ ಚರ್ಚೆಯಲ್ಲಿ ಶಿಕ್ಷಕಿಯೊಬ್ಬರು ಕೇಳಿದ ಪ್ರಶ್ನೆ: “ಮೂರನೇ ತರಗತಿಯ ಗೋಡೆಗೆ ಜಲಚಕ್ರದ ಪೋಸ್ಟರ್ ಬೇಕು. ಎಐ ಕೊಡುವ ಚಿತ್ರದಲ್ಲಿ ಕನ್ನಡ ಅಕ್ಷರಗಳು ಕಲಸಿಹೋಗುತ್ತವೆ, ಬಾಣಗಳು ಎತ್ತೆತ್ತಲೋ ತಿರುಗುತ್ತವೆ. ಮಕ್ಕಳಿಗೆ ಇಷ್ಟವಾಗುವಂತೆ ಪ್ರಾಂಪ್ಟ್ ಹೇಗೆ ಬರೆಯಲಿ?”

ಮೇಡಂ, ಪ್ರಾಂಪ್ಟ್‌ನಲ್ಲಿ ‘ಜಲಚಕ್ರ’, ‘ಪೋಸ್ಟರ್’ ಎಂಬ ಪದಗಳಿದ್ದರೆ ಮೊದಲು ಅವನ್ನು ತೆಗೆಯಿರಿ. ಪಠ್ಯಪುಸ್ತಕದ ಜಲಚಕ್ರದ ಚಿತ್ರಗಳಲ್ಲಿ ಬಾಣ ಮತ್ತು ಹೆಸರುಗಳು ತುಂಬಿರುವುದರಿಂದ, ಆ ಪದಗಳನ್ನು ಕಂಡೊಡನೆ ಈ ಸಾಧನಗಳು ಅವನ್ನೆಲ್ಲ ಕೇಳದೆಯೇ ತಂದು ಸುರಿಯುತ್ತವೆ. ನೀವು ಕೇಳಬೇಕಾದದ್ದು ಒಂದು ಭೂದೃಶ್ಯವನ್ನು ಮಾತ್ರ. ಉಳಿದದ್ದನ್ನು ಆಮೇಲೆ ನೀವೇ ಸೇರಿಸಬಹುದು. ಕರಾವಳಿ ಮತ್ತು ಘಟ್ಟವನ್ನು ಇಟ್ಟುಕೊಂಡು ಹೀಗೆ ಬರೆಯಬಹುದು:

```
ಮಕ್ಕಳ ಕಥೆಪುಸ್ತಕದ ಶೈಲಿಯ ಅಡ್ಡ ಚಿತ್ರ. ದಪ್ಪ ಗೆರೆ, ಸಪಾಟು ಬಣ್ಣ.
ಎಡಕ್ಕೆ ಶಾಂತ ನೀಲಿ ಸಮುದ್ರ, ಅದರ ಮೇಲೆ ಸೂರ್ಯ.
ಬಲಕ್ಕೆ ತುದಿಯವರೆಗೂ ಹಸಿರಾದ ಬೆಟ್ಟ, ಅದರ ಮೇಲೆ ಬೂದು ಮೋಡ ಮತ್ತು ಮಳೆ.
ಬೆಟ್ಟದಿಂದ ಸಮುದ್ರ ಸೇರುವ ಒಂದೇ ನದಿ.
ಸಮುದ್ರ ಮತ್ತು ಮೋಡದ ನಡುವೆ ಖಾಲಿ ಆಕಾಶ.
```

‘ತುದಿಯವರೆಗೂ ಹಸಿರಾದ’ ಎಂದು ಬರೆದದ್ದಕ್ಕೆ ಕಾರಣವಿದೆ. ‘ಹಿಮ ಬೇಡ’ ಎಂದು ಬರೆದರೆ ಹಿಮವೆಂಬ ಹೆಸರು ಕಿವಿಗೆ ಬಿದ್ದದ್ದಕ್ಕೇ ಎಷ್ಟೋ ಬಾರಿ ಹಿಮ ಬಂದುಬಿಡುತ್ತದೆ. ಆದ್ದರಿಂದ ಬೇಡದ್ದನ್ನು ಹೆಸರಿಸುವ ಬದಲು ಬೇಕಾದದ್ದನ್ನು ವರ್ಣಿಸುವುದು ಲೇಸು. ‘ನೀರು ಆವಿಯಾಗುತ್ತಿದೆ’ ಎಂಬುದನ್ನಂತೂ ಬರೆಯಲೇಬೇಡಿ. ಬರೆದರೆ ಸಮುದ್ರದಿಂದ ಕುದಿಯುವ ಪಾತ್ರೆಯ ಹಾಗೆ ಬಿಳಿ ಹೊಗೆ ಏಳುತ್ತದೆ, ಕೆಲವೊಮ್ಮೆ ಹನಿಗಳೇ ಮೇಲಕ್ಕೆ ಹಾರುತ್ತವೆ. ನೀರಾವಿ ಕಣ್ಣಿಗೆ ಕಾಣುವುದಿಲ್ಲ, ನೀರು ಆವಿಯಾಗಲು ಕುದಿಯಬೇಕಾಗಿಯೂ ಇಲ್ಲ. ಒಗೆದು ಹರವಿದ ಬಟ್ಟೆ ಒಣಗುವುದನ್ನು ದಿನವೂ ನೋಡುವ ಮಕ್ಕಳಿಗೆ ಆ ಹೊಗೆ ತಪ್ಪು ಪಾಠವನ್ನೇ ಕಲಿಸುತ್ತದೆ. ಖಾಲಿ ಬಿಟ್ಟ ಆಕಾಶದಲ್ಲಿ ಚುಕ್ಕೆಗೆರೆಯ ಬಾಣವೊಂದನ್ನು ನೀವೇ ಎಳೆದರೆ ಸಾಕು.

ಹೆಸರುಗಳನ್ನು ಇಂಗ್ಲಿಷ್‌ನಲ್ಲಿ ಕೇಳಿದರೆ ಸರಿಬರುತ್ತದೆ ಎಂದು ಗುಂಪಿನಲ್ಲಿ ಒಬ್ಬರು ಸರ್ ಬರೆದಿರುವುದು ಅರ್ಧ ನಿಜ. ಅಕ್ಷರಗಳು ಹೆಚ್ಚು ಸ್ವಚ್ಛವಾಗಿ ಬರುತ್ತವೆ, ಆದರೆ ಮಳೆಯ ಪಕ್ಕ ಇರಬೇಕಾದ ಹೆಸರು ನದಿಯ ಪಕ್ಕ ಬಂದು ಕೂರುವುದು ತಪ್ಪುವುದಿಲ್ಲ. ಅಲ್ಲದೆ ಕನ್ನಡ ಮಾಧ್ಯಮದ ಮಕ್ಕಳಿಗೆ ಅದರಿಂದೇನು ಪ್ರಯೋಜನ? ಸ್ಲೈಡ್ ತಯಾರಿಸುವ ತಂತ್ರಾಂಶದಲ್ಲಿ ಪುಟದ ಅಳತೆಯನ್ನು 42 × 29.7 ಸೆಂ.ಮೀ. ಎಂದು ಇಟ್ಟು, ಚಿತ್ರವನ್ನು ಹಾಸಿ, ಯೂನಿಕೋಡ್ ಅಕ್ಷರಗಳಲ್ಲಿ ಹೆಸರುಗಳನ್ನು ಟೈಪ್ ಮಾಡಿದರೆ ‘ಬಾಷ್ಪೀಕರಣ’ದ ಒತ್ತಕ್ಷರವೂ ಕೆಡುವುದಿಲ್ಲ.

ಮಳೆನೀರು ಕೊಯ್ಲಿನ ತೊಟ್ಟಿಯನ್ನೂ ಇದೇ ಚಿತ್ರದಲ್ಲಿ ತೋರಿಸಬೇಕೆಂದು ಕೇಳಿರುವವರು ಅದಕ್ಕೆ ಬೇರೆ ಹಾಳೆ ಮಾಡುವುದು ಒಳ್ಳೆಯದು, ಏಕೆಂದರೆ ಒಂದೇ ಪ್ರಾಂಪ್ಟ್‌ನಲ್ಲಿ ವಸ್ತುಗಳು ಹೆಚ್ಚಿದಷ್ಟೂ ಅವುಗಳ ಜಾಗ ಅದಲುಬದಲಾಗುತ್ತದೆ. ಸೂರ್ಯನಿಗೂ ಮೋಡಕ್ಕೂ ನಗುಮುಖ ಇರಬೇಕೇ ಎಂಬ ಚರ್ಚೆಯಲ್ಲಿ ನನಗೆ ಸೂರ್ಯನ ಮುಖಕ್ಕೆ ಆಕ್ಷೇಪವಿಲ್ಲ. ಮೋಡಕ್ಕೆ ಮುಖ ಬರೆದರೆ ಮಳೆಯೆಂದರೆ ಮೋಡದ ಅಳು ಎಂದು ಮಕ್ಕಳು ತಿಳಿದಾರೆಂಬ ಅನುಮಾನವಿದೆ, ಇದನ್ನು ಒಪ್ಪದ ಶಿಕ್ಷಕರೂ ಇಲ್ಲಿದ್ದಾರೆ.

ಮುದ್ರಣಕ್ಕೆ ಕೊಡುವ ಮುನ್ನ ನದಿಯನ್ನು ಬೆಟ್ಟದಿಂದ ಸಮುದ್ರದವರೆಗೆ ಬೆರಳಿಟ್ಟು ಹಿಂಬಾಲಿಸಿ ನೋಡಿ. ನದಿ ನಡುವೆ ಕಡಿದುಹೋಗುವುದು ಅಥವಾ ಗುಡ್ಡ ಹತ್ತುವುದು ಈ ಚಿತ್ರಗಳಲ್ಲಿ ಸಾಮಾನ್ಯ. ಹಾಗಾಗಿದ್ದರೆ ತಿದ್ದಲು ಹೋಗದೆ ಅದೇ ಪ್ರಾಂಪ್ಟ್ ಕೊಟ್ಟು ಇನ್ನೊಂದು ಚಿತ್ರ ಪಡೆಯಿರಿ.