ಸ್ಕ್ರಿಪ್ಟ್‌ನಿಂದ ಚಿತ್ರೀಕರಣದ ಪಟ್ಟಿಗಳಿಗೆ

“12 ಪುಟಗಳ ಕಿರುಚಿತ್ರದ ಸ್ಕ್ರಿಪ್ಟ್ ಸಿದ್ಧವಿದೆ. ಲೊಕೇಶನ್, ಪ್ರಾಪರ್ಟಿ, ಕಾಸ್ಟ್ಯೂಮ್, ಕಲಾವಿದರ ಪಟ್ಟಿಗಳನ್ನು ಎಲ್ಲಿಂದ ಆರಂಭಿಸಬೇಕು?”

ನೇರವಾಗಿ ಪಟ್ಟಿಗೆ ಕೈಹಾಕಬೇಡಿ. ದೃಶ್ಯಗಳಿಗೆ ಸಂಖ್ಯೆ ಕೊಟ್ಟು, ಪ್ರತಿಯೊಂದಕ್ಕೂ ಒಂದು ಹಾಳೆ ಮಾಡಿ, ಒಳಾಂಗಣವೋ ಹೊರಾಂಗಣವೋ, ಹಗಲೋ ರಾತ್ರಿಯೋ ಎಂಬುದರ ಜೊತೆಗೆ ಅದು ಕಥೆಯ ಎಷ್ಟನೆಯ ದಿನ ಎಂಬುದನ್ನೂ ಬರೆಯಿರಿ. ಹೊಸಬರು ಬಿಟ್ಟುಬಿಡುವುದು ಈ ಕೊನೆಯದನ್ನೇ. ಕಾಸ್ಟ್ಯೂಮ್ ಪಟ್ಟಿ ನಿಲ್ಲುವುದು ಅದರ ಮೇಲೆ.

‘ಮಳೆಯಲ್ಲಿ ನೆನೆದು ಬಂದ ಮಗ ಅಮ್ಮನೆದುರು ಪತ್ರವನ್ನು ಹರಿಯುತ್ತಾನೆ’ ಎಂಬ ಸಾಲನ್ನೇ ತೆಗೆದುಕೊಳ್ಳಿ. ಕಲಾವಿದರು ಇಬ್ಬರು, ಲೊಕೇಶನ್ ಒಂದು, ಅಷ್ಟು ಸುಲಭ. ಆದರೆ ಟೇಕ್‌ಗೊಂದರಂತೆ ಪತ್ರ ಹರಿದುಹೋಗುವುದರಿಂದ, ಅದೇ ಕೈಬರಹದ, ಅದೇ ಮಡಿಕೆಯ ಆರು ಪ್ರತಿಗಳಾದರೂ ಬೇಕು. ಅದೇ ದಿನದ ಹಿಂದಿನ ದೃಶ್ಯದಲ್ಲಿ ಅವನ ಅಂಗಿ ಒಣಗಿದ್ದು, ಅದನ್ನು ನೀವು ನೆನೆದ ದೃಶ್ಯದ ನಂತರ ಚಿತ್ರೀಕರಿಸುವುದಾದರೆ, ಅದೇ ಬಣ್ಣದ, ಅದೇ ಅಳತೆಯ ಇನ್ನೊಂದು ಅಂಗಿ ಇಲ್ಲದೆ ಕೆಲಸ ನಿಲ್ಲುತ್ತದೆ. ಸ್ಕ್ರಿಪ್ಟ್‌ನಲ್ಲಿ ಬರೆಯದಿದ್ದರೂ ಕಲಾವಿದನಿಗೆ ಟವೆಲ್ಲು, ನೆನೆಸಲು ನೀರು, ನೆಲ ಒರೆಸುವ ಬಟ್ಟೆ ಪಟ್ಟಿಗೆ ಸೇರಲೇಬೇಕು.

ಹಾಳೆಗಳೆಲ್ಲ ಮುಗಿದ ಮೇಲೆ ಅವನ್ನು ಲೊಕೇಶನ್‌ವಾರು ಗುಡ್ಡೆ ಮಾಡಿ. ಒಂದೇ ಒಂದು ಸಣ್ಣ ದೃಶ್ಯಕ್ಕಾಗಿ ಬೇರೆ ಜಾಗ ಕೇಳುವ ಹಾಳೆ ಆಗ ಒಂಟಿಯಾಗಿ ಉಳಿಯುತ್ತದೆ. ಆ ದೃಶ್ಯವನ್ನು ಇರುವ ಜಾಗಕ್ಕೇ ತರಲಾದೀತೇ ಎಂದು ಬರಹಗಾರರನ್ನು ಕೇಳಲು ಅದೇ ಸರಿಯಾದ ಸಮಯ.