ಅಣ್ಣ ಜೊತೆಗಿದ್ದರೂ ತಂಗಿ ಒಂಟಿ: ಮಕ್ಕಳನ್ನಷ್ಟೇ ವಿಮಾನ, ರೈಲಿನಲ್ಲಿ ಕಳಿಸುವ ನಿಯಮ

ಪ್ರಶ್ನೆ: ನಾವು ವಿರಾಜಪೇಟೆ ಹತ್ತಿರದವರು. ಮಗನಿಗೆ 13, ಮಗಳಿಗೆ 11, ಮೇ 2ಕ್ಕೆ ಅವಳಿಗೆ 12 ತುಂಬುತ್ತದೆ. ಏಪ್ರಿಲ್ 14ಕ್ಕೆ ಇಬ್ಬರನ್ನೂ ಮುಂಬೈಗೆ ಚಿಕ್ಕಮ್ಮನ ಮನೆಗೆ ಕಳಿಸಿ ಮೇ 20ಕ್ಕೆ ವಾಪಸ್ ಕರೆಸಿಕೊಳ್ಳಬೇಕು. ತೋಟದ ಕೆಲಸ ಬಿಟ್ಟು ನಾವು ಹೋಗುವಂತಿಲ್ಲ. ಇಬ್ಬರನ್ನೇ ವಿಮಾನದಲ್ಲಿ ಕಳಿಸಬಹುದಾ? ರೈಲಾದರೆ ಹೇಗೆ? ಏನೇನು ಕಾಗದ ಬೇಕು?

ಉತ್ತರ:

ಕಳಿಸಬಹುದು. ಆದರೆ ವಿಮಾನದಲ್ಲಿ ನಿಮ್ಮ ಮಕ್ಕಳಿಬ್ಬರೂ ಒಂದೇ ಲೆಕ್ಕಕ್ಕೆ ಬರುವುದಿಲ್ಲ. ಮಗನಿಗೆ 12 ದಾಟಿದೆ, ಹಾಗಾಗಿ ದೇಶದೊಳಗಿನ ವಿಮಾನದಲ್ಲಿ ಅವನು ಸಾಮಾನ್ಯ ಪ್ರಯಾಣಿಕ. ಮಗಳು ಏಪ್ರಿಲ್ 14ರಂದು ಇನ್ನೂ 11. ನಮ್ಮ ವಿಮಾನ ಕಂಪನಿಗಳು 5 ತುಂಬಿ 12 ತುಂಬದ ಮಗು ದೊಡ್ಡವರಿಲ್ಲದೆ ಹೊರಟರೆ ಅದನ್ನು ‘ಅನ್‌ಅಕಂಪನೀಡ್ ಮೈನರ್’ ಅನ್ನುತ್ತವೆ. ಕೌಂಟರಿನವರ ಬಾಯಲ್ಲಿ ಅದು ಬರೀ ‘ಯುಎಂ’. 13ರ ಅಣ್ಣ ಪಕ್ಕದಲ್ಲೇ ಕೂತರೂ ಅವನು ‘ದೊಡ್ಡವರು’ ಅಲ್ಲ, ಆದ್ದರಿಂದ ತಂಗಿ ಒಂಟಿಯೇ. 5 ತುಂಬದ ಮಗುವನ್ನಂತೂ ಒಂಟಿಯಾಗಿ ಹತ್ತಿಸುವುದೇ ಇಲ್ಲ.

ಹೆಚ್ಚಿನವರು ಎಡವುವುದು ಟಿಕೆಟ್ ಮಾಡುವಾಗ. ವೆಬ್‌ಸೈಟಿನಲ್ಲಿ ಮಗುವನ್ನಷ್ಟೇ ಹಾಕಿದರೆ ಮುಂದಕ್ಕೆ ಹೋಗುವುದಿಲ್ಲ. ಆಗ ಯಾರೋ ಒಬ್ಬರು ‘ವಯಸ್ಕರು’ ಎಂದು ಒತ್ತಿಬಿಡಿ, ಯಾರು ಕೇಳ್ತಾರೆ ಅನ್ನುತ್ತಾರೆ. ಕೇಳುತ್ತಾರೆ. ಚೆಕ್-ಇನ್ ಕೌಂಟರಿನಲ್ಲಿ ಆಧಾರ್‌ನ ಹುಟ್ಟಿದ ದಿನ ನೋಡಿದ ಕೂಡಲೇ ಗೊತ್ತಾಗುತ್ತದೆ, ಆಗ ಹತ್ತಿಸಲು ನಿರಾಕರಿಸುವ ಹಕ್ಕು ಅವರಿಗಿದೆ. ಸರಿಯಾದ ದಾರಿ ಕಂಪನಿಯ ಕಾಲ್ ಸೆಂಟರಿಗೆ ಫೋನ್ ಮಾಡಿ, ಯುಎಂ ಸೇವೆ ಸೇರಿಸಿಯೇ ಟಿಕೆಟ್ ಮಾಡಿಸುವುದು. ಇದಕ್ಕೆ ಟಿಕೆಟ್ ದರದ ಮೇಲೆ ಪ್ರತ್ಯೇಕ ಶುಲ್ಕವಿದೆ, ಕಂಪನಿಯಿಂದ ಕಂಪನಿಗೆ ಬೇರೆ. ಒಂದು ವಿಮಾನಕ್ಕೆ ಇಷ್ಟೇ ಯುಎಂ ಮಕ್ಕಳು ಎಂಬ ಮಿತಿಯೂ ಇರುವುದರಿಂದ ರಜೆಯ ಸಮಯದಲ್ಲಿ ಬೇಗ ಮಾಡಿಸಿ. ನೇರ ವಿಮಾನವನ್ನೇ ಕೇಳಿ. ನಡುವೆ ವಿಮಾನ ಬದಲಿಸುವ ಪ್ರಯಾಣಕ್ಕೆ ಒಂಟಿ ಮಗುವನ್ನು ಹಲವು ಕಂಪನಿಗಳು ಒಪ್ಪುವುದಿಲ್ಲ. ನಿಮ್ಮ ದಿನಕ್ಕೆ ನೇರ ವಿಮಾನ ಸಿಕ್ಕರೆ ಮಾಕುಟ್ಟ ಇಳಿದು ಮಟ್ಟನೂರಿನ ಕಣ್ಣೂರು ನಿಲ್ದಾಣ ಹತ್ತಿರ, ಇಲ್ಲವಾದರೆ ಬಜಪೆ.

ಇನ್ನು ನಿಮ್ಮ ಮೇ 2ರ ವಿಷಯ. ವಯಸ್ಸನ್ನು ಲೆಕ್ಕ ಹಾಕುವುದು ಟಿಕೆಟ್ ಮಾಡಿದ ದಿನಕ್ಕಲ್ಲ, ಪ್ರಯಾಣದ ದಿನಕ್ಕೆ. ಹೋಗುವಾಗ ಮಗಳು ಯುಎಂ, ಬರುವಾಗ ಅಣ್ಣನಂತೆ ಸಾಮಾನ್ಯ ಪ್ರಯಾಣಿಕಳು. ಹೋಗಿಬರುವ ಟಿಕೆಟ್ಟನ್ನು ಒಟ್ಟಿಗೆ ಮಾಡಿಸಿದರೆ ಎರಡು ಕಡೆಗೂ ‘ಮಗು’ ಎಂದೇ ಬಿದ್ದು, ವಾಪಸ್ಸಿಗೂ ಸುಮ್ಮನೆ ಶುಲ್ಕ ಹೋಗಬಹುದು, ಇಲ್ಲವೇ ಕೌಂಟರಿನಲ್ಲಿ ತಕರಾರು ಬರಬಹುದು. ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿ. 12 ದಾಟಿದವರಿಗೂ ಬೇಕಿದ್ದರೆ ಇದೇ ಸೇವೆಯನ್ನು ಕೆಲವು ಕಂಪನಿಗಳು ಕೊಡುತ್ತವೆ. ಮೊದಲ ಸಲ ವಿಮಾನ ಹತ್ತುವವರಾದರೆ ಆ ದುಡ್ಡು ದಂಡವಲ್ಲ ಎಂದೇ ನನ್ನ ಅಭಿಪ್ರಾಯ.

ಕಾಗದ ಅಂದರೆ ಮುಖ್ಯವಾಗಿ ಒಂದೇ, ಯುಎಂ ಫಾರಂ. ಬಿಡಲು ಬಂದವರ ಮತ್ತು ಅಲ್ಲಿ ಕರೆದುಕೊಳ್ಳುವವರ ಹೆಸರು, ವಿಳಾಸ, ಫೋನ್ ನಂಬರ್, ಮಗುವಿಗೆ ಏನಾಗಬೇಕು ಎಂಬುದು ಅದರಲ್ಲಿರುತ್ತದೆ. ನೀವು ಸಹಿ ಹಾಕಿ ಮಗಳನ್ನು ಸಿಬ್ಬಂದಿಗೆ ಒಪ್ಪಿಸುತ್ತೀರಿ, ಮುಂಬೈಯಲ್ಲಿ ಚಿಕ್ಕಮ್ಮ ಗುರುತಿನ ಚೀಟಿ ತೋರಿಸಿ ಸಹಿ ಹಾಕಿ ಬಿಡಿಸಿಕೊಳ್ಳುತ್ತಾರೆ. ಫಾರಂನಲ್ಲಿ ಹೆಸರಿಲ್ಲದವರಿಗೆ ಮಗುವನ್ನು ಕೊಡುವುದಿಲ್ಲ. ಚಿಕ್ಕಮ್ಮನಿಗೆ ಆಫೀಸಿನಲ್ಲಿ ತಡವಾಗಿ ಚಿಕ್ಕಪ್ಪ ಬಂದರೆ ಅವರಿಗೂ ಇಲ್ಲ, ಅಣ್ಣ ಅಲ್ಲೇ ನಿಂತಿದ್ದರೂ ಅವನಿಗೂ ಇಲ್ಲ. ಹಾಗಾಗಿ ಇನ್ನೊಬ್ಬರ ಹೆಸರನ್ನೂ ಬರೆಯಲು ಅವಕಾಶವಿದೆಯೇ ಎಂದು ಮೊದಲೇ ಕೇಳಿ.

ಕೊಡಗಿನವರಿಗೆ ಇಲ್ಲೊಂದು ತೊಡಕು ಹೆಚ್ಚು, ಅದು ಹೆಸರಿನದು. ಶಾಲೆಯ ಐಡಿಯಲ್ಲಿ ಮನೆಹೆಸರು ಮುಂದೆ, ಆಧಾರ್‌ನಲ್ಲಿ ಅದೇ ಇನಿಷಿಯಲ್ ಆಗಿ ಹಿಂದೆ. ಮದುವೆಯಾಗಿ ಹೋದ ಚಿಕ್ಕಮ್ಮನನ್ನು ನಾವು ತವರಿನ ಮನೆಹೆಸರಿನಲ್ಲೇ ಕರೆಯುತ್ತೇವೆ, ಅವರ ಆಧಾರ್‌ನಲ್ಲಿ ಗಂಡನ ಮನೆಹೆಸರಿರುತ್ತದೆ. ಫಾರಂ ತುಂಬುವ ಮುಂಚೆ ಚಿಕ್ಕಮ್ಮನ ಆಧಾರ್‌ನ ಫೋಟೋ ತರಿಸಿಕೊಂಡು ಅಕ್ಷರಕ್ಕೆ ಅಕ್ಷರ ಅದರಂತೆಯೇ ಬರೆಯಿರಿ. ಮಕ್ಕಳ ಟಿಕೆಟ್ಟಿನ ಹೆಸರೂ ಅವರು ತೋರಿಸುವ ಐಡಿಯಂತೆಯೇ ಇರಲಿ. ಅಪ್ಪ ಅಮ್ಮನ ಜೊತೆ ಹೋಗುವ ಮಕ್ಕಳಿಗೆ ಬೇರೆ ಗುರುತಿನ ಚೀಟಿ ಕೇಳುವುದಿಲ್ಲ, ಒಂಟಿಯಾಗಿ ಹೋಗುವವರಿಗೆ ಬೇಕು. ಆಧಾರ್ ಅಥವಾ ಫೋಟೋ ಇರುವ ಶಾಲಾ ಐಡಿಯ ಅಸಲು ಪ್ರತಿ ಕೊಟ್ಟು ಕಳಿಸಿ. ವಾಟ್ಸಾಪಿನಲ್ಲಿರುವ ಫೋಟೋ ನಂಬಿಕೊಳ್ಳಬೇಡಿ.

ಆ ದಿನ ಕೌಂಟರಿಗೆ ಬೇಗ ಹೋಗಿ, ಫಾರಂ ಕೆಲಸಕ್ಕೆ ಸಮಯ ಹಿಡಿಯುತ್ತದೆ. ಟಿಕೆಟ್ ಇಲ್ಲದ ನಿಮ್ಮನ್ನು ಬಾಗಿಲಲ್ಲಿ ಸಿಐಎಸ್‌ಎಫ್‌ನವರು ತಡೆಯುತ್ತಾರೆ. ಒಳಗೆ ಬಿಡಿಸುವ ವ್ಯವಸ್ಥೆ ಏನೆಂದು ಟಿಕೆಟ್ ಮಾಡಿಸುವಾಗಲೇ ಕೇಳಿಟ್ಟುಕೊಳ್ಳಿ. ವಿಮಾನ ಮೇಲೇರುವ ತನಕ ನಿಲ್ದಾಣ ಬಿಡಬೇಡಿ. ವಿಮಾನ ತಡವಾದರೆ, ರದ್ದಾದರೆ ಸಿಬ್ಬಂದಿ ಕರೆಯುವುದು ನಿಮ್ಮ ನಂಬರಿಗೆ. ಬೇಗ ಹೊರಟು ಸಂಪಾಜೆ ಘಾಟಿ ಹತ್ತಿಬಿಟ್ಟರೆ ನೆಟ್‌ವರ್ಕ್ ಸಿಗದ ಜಾಗಗಳಲ್ಲಿ ಆ ಕರೆ ನಿಮಗೆ ಬರುವುದೇ ಇಲ್ಲ.

ರೈಲಿನಲ್ಲಿ ಕಥೆ ತಿರುವುಮುರುವು. ಅಲ್ಲಿ ಯುಎಂ ಇಲ್ಲ, ಫಾರಂ ಇಲ್ಲ, ಒಪ್ಪಿಸಿಕೊಳ್ಳುವವರೂ ಇಲ್ಲ. ವಯಸ್ಸಿನ ಲೆಕ್ಕ ಇರುವುದು ದರಕ್ಕೆ. 5 ತುಂಬದವರಿಗೆ ಬರ್ತ್ ಬೇಡವೆಂದರೆ ಟಿಕೆಟ್ ಬೇಡ. 5ರಿಂದ 12ರೊಳಗಿನವರಿಗೆ ಬರ್ತ್ ಇಲ್ಲದೆ ಅರ್ಧ ದರ. ಬರ್ತ್ ಬೇಕೆಂದರೆ 2016ರ ಏಪ್ರಿಲ್‌ನಿಂದ ಪೂರ್ತಿ ದರ. ಮಗಳಿಗೆ ಅರ್ಧ ಟಿಕೆಟ್ ಮಾಡಿಸಿದರೆ ಅವಳಿಗೆ ಮಲಗಲು ಜಾಗವೇ ಇರುವುದಿಲ್ಲ, ಆದ್ದರಿಂದ ಬರ್ತ್ ಬೇಕು ಎಂದೇ ಗುರುತು ಮಾಡಿ. ಇಬ್ಬರನ್ನೂ ಒಂದೇ ಪಿಎನ್‌ಆರ್‌ನಲ್ಲಿ ಹಾಕಿದರೆ ಒಬ್ಬರ ಅಸಲು ಗುರುತಿನ ಚೀಟಿ ಸಾಕು. ಅದೂ ಇಲ್ಲದಿದ್ದರೆ ಇ-ಟಿಕೆಟ್ ಇದ್ದೂ ಟಿಕೆಟ್ ಇಲ್ಲದವರ ಲೆಕ್ಕ. ಹಾಗಾಗಿ ಇಬ್ಬರ ಕೈಯಲ್ಲೂ ಒಂದೊಂದು ಇರಲಿ. ಶಾಲೆಯ ಫೋಟೋ ಐಡಿ ನಡೆಯುತ್ತದೆ.

ರೈಲೇ ಆದರೆ ಹೊರಡುವ ನಿಲ್ದಾಣದಿಂದ ಹತ್ತಿ ಕೊನೆಯ ನಿಲ್ದಾಣದಲ್ಲಿ ಇಳಿಯುವಂತಿರಲಿ. ಮತ್ಸ್ಯಗಂಧ ಹಾಗಿದೆ, ಮಂಗಳೂರು ಸೆಂಟ್ರಲ್‌ನಲ್ಲಿ ಹೊರಟು ಮರುದಿನ ಬೆಳಿಗ್ಗೆ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಮುಗಿಯುತ್ತದೆ. ನಿದ್ದೆಯಲ್ಲಿ ಸ್ಟೇಷನ್ ತಪ್ಪುವ ಭಯವಿಲ್ಲ, ಚಿಕ್ಕಮ್ಮ ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು ಬೋಗಿಯ ಬಾಗಿಲಲ್ಲೇ ನಿಲ್ಲಬಹುದು.

ಇನ್ನೊಂದು ಸಂಗತಿ. ಒಂಟಿಯಾಗಿ ಕಂಡ ಮಕ್ಕಳನ್ನು ಆರ್‌ಪಿಎಫ್‌ನವರು ವಿಚಾರಿಸುತ್ತಾರೆ. ಮನೆಬಿಟ್ಟು ಬಂದವರು, ಯಾರೋ ಸಾಗಿಸುತ್ತಿರುವವರು ಎಷ್ಟೋ ಮಂದಿ ಹಾಗೆಯೇ ಸಿಗುತ್ತಾರೆ. ಮಗುವಿನ ಉತ್ತರ ಸರಿಹೋಗದೆ, ಮನೆಗೆ ಫೋನ್ ಸಿಗದೆ ಹೋದರೆ ಬಾಲನ್ಯಾಯ ಕಾಯ್ದೆಯಂತೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುತ್ತಾರೆ. ಆಮೇಲೆ ನೀವು ದಾಖಲೆ ಹಿಡಿದು ಅಲ್ಲಿಗೇ ಹೋಗಿ ಬಿಡಿಸಿಕೊಳ್ಳಬೇಕು. ಇದಕ್ಕೆ ರೈಲ್ವೆ ಕೇಳದಿದ್ದರೂ ಒಂದು ಪತ್ರ ಬರೆದು ಕೊಡಿ. ಬಿಳಿ ಹಾಳೆ ಸಾಕು, ನೋಟರಿ ಬೇಡ. ಇಬ್ಬರ ಹೆಸರು, ಹುಟ್ಟಿದ ದಿನ, ರೈಲಿನ ನಂಬರ್, ಪಿಎನ್‌ಆರ್, ಯಾರ ಮನೆಗೆ ಹೋಗುತ್ತಿದ್ದಾರೆ, ಅವರ ವಿಳಾಸ ಮತ್ತು ಫೋನ್, ನಿಮ್ಮಿಬ್ಬರ ಫೋನ್ ಮತ್ತು ಸಹಿ, ಜೊತೆಗೆ ನಿಮ್ಮ ಆಧಾರ್‌ನ ಜೆರಾಕ್ಸ್. ಮುಂಬೈ ದಾರಿಯಲ್ಲಿ ಕನ್ನಡ ಓದುವವರು ಸಿಗುತ್ತಾರೆಂಬ ಖಾತ್ರಿ ಇಲ್ಲ, ಇಂಗ್ಲಿಷಿನಲ್ಲಿ ಬರೆಯಿರಿ. ಪರಿಚಯದವರ ಜೊತೆ ಕಳಿಸುವುದಾದರೂ ಇದೇ ಪತ್ರ, ಅವರ ಹೆಸರನ್ನೂ ಸೇರಿಸಿ. 139 ರೈಲ್ವೆಯದು, 1098 ಮಕ್ಕಳದ್ದು, ಎರಡೂ ನಂಬರನ್ನು ಪತ್ರದ ಹಿಂಬದಿ ಬರೆದಿಡಿ. ಪತ್ರ ದೊಡ್ಡ ಬ್ಯಾಗಿನ ತಳದಲ್ಲಿ ಬೇಡ, ಮಗನ ಜೇಬಿನಲ್ಲಿ ಒಂದು, ಮಗಳ ಚಿಕ್ಕ ಚೀಲದಲ್ಲಿ ಒಂದು.