ಕಬ್ಬಿಣದ ಮಾತ್ರೆ, ಕಪ್ಪು ಮಲ ಮತ್ತು ಬೀಟ್‌ರೂಟ್ ಜ್ಯೂಸ್

ಪ್ರಶ್ನೆ: ಡಾಕ್ಟ್ರೇ, ನಾನು ಎಸ್ಸೆಸ್ಸೆಲ್ಸಿ ಓದ್ತಿದ್ದೀನಿ, 15 ವರ್ಷ, ತೂಕ 42 ಕೆ.ಜಿ. ಎರಡು ತಿಂಗಳ ಹಿಂದೆ ಹೀಮೋಗ್ಲೋಬಿನ್ 9.2 ಇತ್ತು. ಆಸ್ಪತ್ರೆಯಲ್ಲಿ ದಿನಕ್ಕೆ ಎರಡು ನೀಲಿ ಮಾತ್ರೆ ಬರೆದುಕೊಟ್ರು. ಬೆಳಿಗ್ಗೆ ಕಾಫಿ ಜೊತೆ ತಗೊಂಡ್ರೆ ಹೊಟ್ಟೆ ತೊಳಸಿ ವಾಂತಿ ಬರ್ತಿತ್ತು, ಮಲ ಕಪ್ಪಗಾಯ್ತು. ಅಜ್ಜಿ ಹೆದರಿ ಮಾತ್ರೆ ನಿಲ್ಲಿಸಿ ದಿನಾ ಒಂದು ಲೋಟ ಬೀಟ್‌ರೂಟ್ ಜ್ಯೂಸ್ ಕೊಡ್ತಿದ್ದಾರೆ. ಈಗ 9.1 ಬಂದಿದೆ. ಏನು ಮಾಡ್ಲಿ?

ಮಾತ್ರೆ ಮತ್ತೆ ಶುರು ಮಾಡಮ್ಮ, ಇವತ್ತು ರಾತ್ರಿಯಿಂದಲೇ. ಆದರೆ ತೆಗೆದುಕೊಳ್ಳುವ ರೀತಿ ಬದಲಾಗಬೇಕು. ಅದನ್ನು ಹೇಳುವ ಮೊದಲು ಬೀಟ್‌ರೂಟಿನ ಲೆಕ್ಕ ಮುಗಿಸಿಬಿಡೋಣ. ಪ್ರತಿ ತಿಂಗಳೂ ಇದೇ ಪ್ರಶ್ನೆ ಬರುತ್ತದೆ, ಅಷ್ಟರಲ್ಲಿ ಹುಡುಗಿಯರ ಎರಡು ಮೂರು ತಿಂಗಳು ವ್ಯರ್ಥವಾಗಿರುತ್ತದೆ.

ನಿನ್ನ ತೂಕಕ್ಕೆ ಮೈಯಲ್ಲಿ ಸುಮಾರು 2.7 ಲೀಟರ್ ರಕ್ತವಿರುತ್ತದೆ. ಹೀಮೋಗ್ಲೋಬಿನ್ 9ರಿಂದ 12ಕ್ಕೆ ಏರಬೇಕಾದರೆ ಆ ರಕ್ತಕ್ಕೆ ಸುಮಾರು 280 ಮಿಲಿಗ್ರಾಂ ಕಬ್ಬಿಣ ಹೊಸದಾಗಿ ಸೇರಬೇಕು. 100 ಗ್ರಾಂ ಬೀಟ್‌ರೂಟಿನಲ್ಲಿರುವುದು 1 ಮಿಲಿಗ್ರಾಮಿಗಿಂತ ಕಡಿಮೆ. ಎರಡು ಗಡ್ಡೆ ಅರೆದು ಒಂದು ಲೋಟ ಮಾಡಿದರೂ ಹೆಚ್ಚೆಂದರೆ ಒಂದೂವರೆ ಮಿಲಿಗ್ರಾಂ ಚಿಲ್ಲರೆ. ಅದರಲ್ಲಿ ಕರುಳು ಹೀರಿಕೊಳ್ಳುವುದು, ಧಾರಾಳವಾಗಿ ಹಿಡಿದರೂ, ಹತ್ತರಲ್ಲೊಂದು ಪಾಲು. ಅಂದರೆ ಒಂದು ಲೋಟಕ್ಕೆ 0.16 ಮಿಲಿಗ್ರಾಂ. ಈ ಲೆಕ್ಕದಲ್ಲಿ ನಿನಗೆ 1,750 ಲೋಟ ಬೇಕು, ದಿನಕ್ಕೊಂದರಂತೆ ಸುಮಾರು ಐದು ವರ್ಷ. ಅದರ ನಡುವೆ ಪ್ರತಿ ತಿಂಗಳ ಮುಟ್ಟಿನಲ್ಲಿ ಸಾಧಾರಣ ಸ್ರಾವವಾದರೂ 10–12 ಮಿಲಿಗ್ರಾಂ ಕಬ್ಬಿಣ ಹೊರಹೋಗುತ್ತದೆ. ಇಡೀ ತಿಂಗಳ ಜ್ಯೂಸು ಅದರಲ್ಲಿ ಅರ್ಧವನ್ನೂ ತುಂಬಿಕೊಡುವುದಿಲ್ಲ. ಬೀಟ್‌ರೂಟಿನ ಬಣ್ಣ ರಕ್ತದ ಹಾಗೆ ಕಾಣುತ್ತದೆ, ಅಷ್ಟೆ. ದಾಳಿಂಬೆಯದೂ ಇದೇ ಕಥೆ. 9.2 ಇದ್ದದ್ದು 9.1 ಆಗಿರುವುದನ್ನು ಇಳಿದಿದೆ ಎಂದು ಓದಬೇಡ, ಅಷ್ಟು ವ್ಯತ್ಯಾಸ ಯಂತ್ರದಲ್ಲೇ ಬರುತ್ತದೆ. ಎರಡು ತಿಂಗಳಲ್ಲಿ ಏನೂ ಆಗಿಲ್ಲ ಎನ್ನುವುದೇ ಅದರ ಅರ್ಥ.

ಇನ್ನು ಮಾತ್ರೆ. ಒಂದು ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇವೆ. ಹತ್ತರಲ್ಲೊಂದು ಪಾಲು ಹೀರಿಕೊಂಡರೂ ಒಂದು ಮಾತ್ರೆಗೆ 6 ಮಿಲಿಗ್ರಾಂ ಸಿಕ್ಕಿತು. ಮೂವತ್ತೇಳು ಲೋಟ ಜ್ಯೂಸಿನ ಕೆಲಸ ಒಂದು ಗುಟುಕು ನೀರಿನಲ್ಲಿ ಮುಗಿಯಿತು. ಶಾಲೆಯಲ್ಲಿ ವಾರಕ್ಕೊಂದು ಕೊಡುವುದು ಇದೇ ಮಾತ್ರೆ, ಆದರೆ ಅದು ರಕ್ತಹೀನತೆ ಬರದಂತೆ ತಡೆಯುವುದಕ್ಕೆ. ನಿನ್ನ ವಯಸ್ಸಿನವರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 8ರಿಂದ 10.9 ಮಧ್ಯಮ, 8ಕ್ಕಿಂತ ಕಡಿಮೆಯಾದರೆ ತೀವ್ರ. ನಿನ್ನದು ಮಧ್ಯಮ. ಇದಕ್ಕೆ ದಿನಾ ಎರಡು ಮಾತ್ರೆ, ಮೂರು ತಿಂಗಳು. ಶಾಲೆಯಲ್ಲಿ ತಿನ್ನುತ್ತಿದ್ದೇನಲ್ಲ ಎಂದು ಅದನ್ನು ಚಿಕಿತ್ಸೆಯ ಲೆಕ್ಕಕ್ಕೆ ಹಿಡಿಯಬೇಡ.

ನಿನಗೆ ವಾಂತಿ ಬಂದದ್ದು ಖಾಲಿ ಹೊಟ್ಟೆಯಿಂದ. ಕರಗಿದ ಕಬ್ಬಿಣ ಹೊಟ್ಟೆಯ ಒಳಪದರವನ್ನು ನೇರವಾಗಿ ಕೆರಳಿಸುತ್ತದೆ. ಖಾಲಿ ಹೊಟ್ಟೆಯಲ್ಲಿ ಕಬ್ಬಿಣ ಹೆಚ್ಚು ಹೀರಿಕೆಯಾಗುತ್ತದೆ ಎನ್ನುವುದು ನಿಜವೇ. ಆದರೆ ವಾಂತಿಯಾಗಿ ಹೋದ ಮಾತ್ರೆಯಿಂದ, ಹೆದರಿ ಬಿಟ್ಟ ಮಾತ್ರೆಯಿಂದ ಏನೂ ಹೀರಿಕೆಯಾಗುವುದಿಲ್ಲ. ಆದ್ದರಿಂದ ರಾತ್ರಿ ಊಟ ಮಾಡಿ, ಅರ್ಧ ಗಂಟೆ ಬಿಟ್ಟು, ಒಂದು ದೊಡ್ಡ ಲೋಟ ನೀರಿನ ಜೊತೆ ನುಂಗು. ಜಗಿಯಬೇಡ, ಪುಡಿ ಮಾಡಬೇಡ. ಮೊದಲ ಐದು ದಿನ ಒಂದೇ ಮಾತ್ರೆ. ಹೊಟ್ಟೆ ಒಗ್ಗಿಕೊಂಡ ಮೇಲೆ ಎರಡು. ತೊಳಸು ಬಂದರೂ ನಿದ್ದೆಯಲ್ಲಿ ಕಳೆದುಹೋಗುತ್ತದೆ, ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಎರಡು ಮಾತ್ರೆ ತಡೆಯಲು ಆಗದಿದ್ದರೆ ಒಂದಕ್ಕೆ ಇಳಿಸಿ, ಬರೆದುಕೊಟ್ಟ ವೈದ್ಯರಿಗೆ ತಿಳಿಸು. ದಿನ ಬಿಟ್ಟು ದಿನ ಕೊಡುವ ಕ್ರಮವೂ ಇದೆ. ಒಮ್ಮೆ ಕಬ್ಬಿಣ ಒಳಹೋದರೆ ಪಿತ್ತಜನಕಾಂಗ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಬಿಟ್ಟು ಸುಮಾರು ಒಂದು ದಿನದ ಮಟ್ಟಿಗೆ ಕರುಳಿನ ಹೀರಿಕೆಯನ್ನು ತಗ್ಗಿಸುತ್ತದೆ. ಹಾಗಾಗಿ ಬಿಡುವು ಕೊಟ್ಟ ಮಾತ್ರೆ ಪೂರ್ತಿ ನಷ್ಟವಲ್ಲ. ಆದರೆ ಆ ನಿರ್ಧಾರ ವೈದ್ಯರದು, ಪಕ್ಕದ ಮನೆಯವರದಲ್ಲ. ಒಂದು ದಿನ ಮರೆತರೆ ಮರುದಿನ ಸೇರಿಸಿ ನಾಲ್ಕು ನುಂಗಬೇಡ.

ಕಾಫಿ ಟೀ ವಿಷಯದಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ. ಅವುಗಳಲ್ಲಿರುವ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಕರುಳಿನಲ್ಲೇ ಹಿಡಿದು ಮಲದಲ್ಲಿ ಕಳಿಸುತ್ತವೆ. ಊಟದ ಜೊತೆ ಕುಡಿದ ಒಂದು ಲೋಟ ಟೀ, ಹೀರಿಕೆಯನ್ನು ಅರ್ಧಕ್ಕಿಂತ ಹೆಚ್ಚು ಇಳಿಸಬಲ್ಲದು. ಕಾಫಿ ಅದಕ್ಕಿಂತ ತುಸು ಕಡಿಮೆ. ಊಟಕ್ಕೆ, ಮಾತ್ರೆಗೆ ಒಂದು ಗಂಟೆ ಮೊದಲು ಕುಡಿಯಬಹುದು, ಕುಡಿಯುವುದು ಆಮೇಲಾದರೆ ಎರಡು ಗಂಟೆ ಬಿಡಬೇಕು. ಹಾಲು, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದೇ ಅಂತರ. ಮಾತ್ರೆಯಿಂದ ಹೊಟ್ಟೆ ಉರಿಯುತ್ತದೆಂದು ಅಂಗಡಿಯಿಂದ ಗ್ಯಾಸ್ ಮಾತ್ರೆ ತಂದು ಜೊತೆಗೆ ನುಂಗುವವರಿದ್ದಾರೆ. ಕಬ್ಬಿಣ ಕರಗುವುದಕ್ಕೆ ಹೊಟ್ಟೆಯ ಆಮ್ಲ ಬೇಕು. ಆಮ್ಲವನ್ನೇ ಆರಿಸಿ ಕಬ್ಬಿಣ ನುಂಗಿದರೆ ಪ್ರಯೋಜನ ಕಡಿಮೆ.

ಮಲ ಕಪ್ಪಗಾದದ್ದಕ್ಕೆ ಅಜ್ಜಿ ಹೆದರಿದ್ದು ಸಹಜ, ಅವರನ್ನು ಕೂರಿಸಿ ಹೇಳು. ಹೀರಿಕೆಯಾಗದೆ ಉಳಿದ ಕಬ್ಬಿಣ ಕರುಳಿನಲ್ಲಿ ಗಂಧಕದ ಜೊತೆ ಸೇರಿ ಕಪ್ಪಾಗುತ್ತದೆ. ಮಾತ್ರೆ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಬಣ್ಣ ಮೊದಲಿನಂತಾಗುತ್ತದೆ. ಇದು ಉಷ್ಣವಲ್ಲ, ರಕ್ತ ಸುಡುವುದೂ ಅಲ್ಲ. ಹೆದರಬೇಕಾದ ಕಪ್ಪು ಬೇರೆ. ಡಾಂಬರಿನ ಹಾಗೆ ಅಂಟಂಟಾಗಿ, ಹೊಳಪಾಗಿ, ತಡೆಯಲಾರದ ನಾತದೊಂದಿಗೆ ಬಂದರೆ, ಅದರ ಜೊತೆ ಹೊಟ್ಟೆನೋವು, ತಲೆಸುತ್ತು ಇದ್ದರೆ, ಅದು ಒಳಗೆ ರಕ್ತ ಸೋರುತ್ತಿರುವ ಲಕ್ಷಣ. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮಲಬದ್ಧತೆಯಾದರೆ ನೀರು ಹೆಚ್ಚು ಕುಡಿ, ಸೊಪ್ಪು, ಬಾಳೆಹಣ್ಣು, ಸೀಬೆ ತಿನ್ನು.

ಊಟದಿಂದಲೇ ಸರಿಹೋಗುವ ಹಂತ ದಾಟಿದ್ದೀಯ. ಆದರೂ ಊಟ ತಿದ್ದಿಕೊಳ್ಳಬೇಕು, ಮೂರು ತಿಂಗಳ ನಂತರ ನಿನ್ನನ್ನು ಕಾಯುವುದು ಅದೇ. ನಿನ್ನ ವಯಸ್ಸಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣ ಬೇಕೆಂದು ಐಸಿಎಂಆರ್ ಹೇಳುತ್ತದೆ. ಇಷ್ಟು ದೊಡ್ಡ ಸಂಖ್ಯೆ ಏಕೆಂದರೆ ಧಾನ್ಯ, ಕಾಳು, ಸೊಪ್ಪಿನ ಕಬ್ಬಿಣದಲ್ಲಿ ಬಹುಪಾಲು ಮೈಗೆ ಸೇರುವುದೇ ಇಲ್ಲ. ರಾಗಿಯಲ್ಲಿ ಕಬ್ಬಿಣವಿದೆ, ಅದನ್ನು ಕಟ್ಟಿಹಾಕುವ ಫೈಟೇಟ್, ಟ್ಯಾನಿನ್‌ಗಳೂ ಇವೆ. ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿಸಿದರೆ ಆ ಕಟ್ಟು ಸಡಿಲವಾಗುತ್ತದೆ. ಹುರುಳಿ, ಅಲಸಂದೆ, ಕಡಲೆಕಾಳುಗಳನ್ನೂ ನೆನೆಸಿ ಮೊಳಕೆ ಬರಿಸಿ ಬೇಯಿಸು. ಮುದ್ದೆಗೆ ಮೊಳಕೆ ಹುರುಳಿ ಸಾರು, ಪಕ್ಕದಲ್ಲಿ ದಂಟಿನ ಸೊಪ್ಪಿನ ಪಲ್ಯ, ತಟ್ಟೆಗೆ ಬಡಿಸಿದ ಮೇಲೆ ಹಿಂಡಿದ ಅರ್ಧ ನಿಂಬೆಹಣ್ಣು. ಇದು ಒಳ್ಳೆಯ ಊಟ. ನಿಂಬೆಯ ಸಿ ವಿಟಮಿನ್ ಕಾವಿಗೆ ಹಾಳಾಗುತ್ತದೆ, ಒಲೆಯ ಮೇಲಿರುವಾಗ ಹಿಂಡಬೇಡ. ನಿಂಬೆ ಬೇಡವೆಂದರೆ ಊಟವಾದ ಮೇಲೆ ಒಂದು ನೆಲ್ಲಿಕಾಯಿ ಅಥವಾ ಸೀಬೆಹಣ್ಣು. ಇದು ಊಟದ ಮಾತು. ಮಾತ್ರೆಗೆ ಶರಬತ್ತು ಕಡ್ಡಾಯವಲ್ಲ, ನೀರು ಸಾಕು. ಮಾಂಸ ತಿನ್ನುವ ಮನೆಯಾದರೆ ಕುರಿಯ ಲಿವರ್, ಮಾಂಸ, ಮೀನು ತಿನ್ನು. ಅವುಗಳ ಕಬ್ಬಿಣ ಸುಲಭವಾಗಿ ಹೀರಿಕೆಯಾಗುತ್ತದೆ, ತಟ್ಟೆಯಲ್ಲಿರುವ ಕಾಳು ಸೊಪ್ಪಿನ ಕಬ್ಬಿಣವನ್ನೂ ಎಳೆದುಕೊಳ್ಳಲು ನೆರವಾಗುತ್ತದೆ. ಗಂಡುಮಕ್ಕಳಿಗೆ ಬಡಿಸಿ ಉಳಿದರೆ ನಿನಗೆ ಎನ್ನುವ ಮನೆಯಾಗಿದ್ದರೆ ಈ ಪುಟವನ್ನು ಮನೆಯ ಹಿರಿಯರಿಗೆ ತೋರಿಸು.

ಸರಿಯಾಗಿ ಒಂದು ತಿಂಗಳಿಗೆ ಹೀಮೋಗ್ಲೋಬಿನ್ ಮತ್ತೆ ನೋಡಿಸು. ಕನಿಷ್ಠ 1 ಏರಿರಬೇಕು, ಅಂದರೆ ನಿನಗೆ 10.1. ಏರದಿದ್ದರೆ ಮಾತ್ರೆ ಬದಲಿಸಿ ಎಂದು ಕೇಳಬೇಡ, ಕಾರಣ ಹುಡುಕಿ ಎಂದು ಕೇಳು. ಮೊದಲನೆಯದು ನಿನ್ನ ಮುಟ್ಟು. ಏಳು ದಿನಕ್ಕಿಂತ ಹೆಚ್ಚು ಹೋಗುತ್ತದೆಯೇ, ಒಂದೆರಡು ಗಂಟೆಗೇ ಪ್ಯಾಡ್ ನೆನೆಯುತ್ತದೆಯೇ, ದೊಡ್ಡ ಹೆಪ್ಪು ಬೀಳುತ್ತದೆಯೇ ಎನ್ನುವುದನ್ನು ನಾಚಿಕೆಪಡದೆ ಹೇಳು. ಸೋರಿಕೆ ನಿಲ್ಲದೆ ಎಷ್ಟು ತುಂಬಿದರೂ ಸಾಲದು. ಎರಡನೆಯದು ಕೊಕ್ಕೆಹುಳು. ಶಾಲೆಯಲ್ಲಿ ವರ್ಷಕ್ಕೆರಡು ಬಾರಿ ಕೊಡುವ 400 ಮಿಲಿಗ್ರಾಂ ಆಲ್ಬೆಂಡಜೋಲ್ ಅದಕ್ಕಾಗಿಯೇ. ಹೊಲಕ್ಕೆ, ಬಯಲಿಗೆ ಚಪ್ಪಲಿಯಿಲ್ಲದೆ ಹೋಗಬೇಡ. ಮೂರನೆಯದು, ಇದು ಕಬ್ಬಿಣದ ಕೊರತೆಯೇ ಅಲ್ಲದಿರಬಹುದು. ಬಿ12 ಕೊರತೆ, ಥಲಸೀಮಿಯಾ ವಾಹಕತ್ವ ಇವು ಬೇರೆ ಪರೀಕ್ಷೆಯಿಂದ ತಿಳಿಯುತ್ತವೆ. ಎಲ್ಲ ಸರಿಯಾಗಿ ಏರಿದರೆ ಮೂರು ತಿಂಗಳು ಮುಗಿಸಿ, ಆಮೇಲೆ ವಾರದ ಮಾತ್ರೆಗೆ ಮರಳು.

ಮಾತ್ರೆಯ ಪಟ್ಟಿಯನ್ನು ಮನೆಯ ಚಿಕ್ಕ ಮಕ್ಕಳ ಕೈಗೆಟುಕದಂತೆ ಇಡು. ಬಣ್ಣ ನೋಡಿ ಮಿಠಾಯಿ ಎಂದು ಒಂದಿಷ್ಟು ನುಂಗಿದರೆ ಪುಟ್ಟ ಮಗುವಿನ ಪ್ರಾಣಕ್ಕೇ ಅಪಾಯ.

ಪ್ರಶ್ನೆ: ಮುಟ್ಟಾದ ದಿನಗಳಲ್ಲಿ ಮಾತ್ರೆ ನಿಲ್ಲಿಸಬೇಕಾ ಮೇಡಂ?

ಬೇಡ.

ಪ್ರಶ್ನೆ: ಈ ಮಾತ್ರೆ ತಿಂದ್ರೆ ಮುಂದೆ ಮಕ್ಕಳಾಗಲ್ಲ ಅಂತ ನಮ್ಮ ಕ್ಲಾಸಲ್ಲಿ ಹೇಳ್ತಾರೆ, ನಿಜವಾ?

ಶುದ್ಧ ಸುಳ್ಳು. ಗರ್ಭಿಣಿಯರಿಗೂ ದಿನವೂ 60 ಮಿಲಿಗ್ರಾಂ ಕಬ್ಬಿಣವನ್ನೇ ಕೊಡುತ್ತಾರೆ.

ಪ್ರಶ್ನೆ: ಹದಿನೈದು ದಿನದಲ್ಲಿ ರಕ್ತ ಹೆಚ್ಚಿಸುತ್ತೆ ಅಂತ ಊರಿನ ನಾಟಿ ವೈದ್ಯರು ಒಂದು ಭಸ್ಮ ಕೊಟ್ಟಿದ್ದಾರೆ. ಮಗಳಿಗೆ ಕೊಡಬಹುದಾ?

ಕೊಡಬೇಡಿ. ಪೊಟ್ಟಣದ ಮೇಲೆ ಏನಿದೆ, ಎಷ್ಟಿದೆ ಎಂದು ಬರೆದಿಲ್ಲದ ಪುಡಿಯನ್ನು ಬೆಳೆಯುವ ಮಗುವಿನ ಬಾಯಿಗೆ ಹಾಕಬಾರದು. ಇಂಥ ಪುಡಿಗಳಲ್ಲಿ ಸೀಸ ಸಿಕ್ಕಿರುವುದುಂಟು. ಸೀಸ ಹೀಮೋಗ್ಲೋಬಿನ್ ತಯಾರಾಗುವುದನ್ನೇ ತಡೆದು ರಕ್ತಹೀನತೆ ತರುತ್ತದೆ.

ಪ್ರಶ್ನೆ: ಮಗಳು ಕದ್ದು ಬಳಪ, ಹಸಿ ಅಕ್ಕಿ ತಿಂತಾಳೆ. ಎಷ್ಟು ಹೊಡೆದರೂ ಬಿಡ್ತಿಲ್ಲ.

ಹೊಡೆಯುವುದನ್ನು ಮೊದಲು ನಿಲ್ಲಿಸಿ. ಬಳಪ, ಮಣ್ಣು, ಹಸಿ ಅಕ್ಕಿಯ ಆಸೆ ಕಬ್ಬಿಣದ ಕೊರತೆಯ ಲಕ್ಷಣವಿರಬಹುದು, ಕೆಟ್ಟ ಚಾಳಿಯಲ್ಲ. ಈ ವಾರವೇ ಹೀಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಕೊರತೆ ಇದ್ದರೆ ಮಾತ್ರೆ ಶುರುವಾದ ಕೆಲವು ವಾರಗಳಲ್ಲಿ ಆ ಆಸೆ ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ. ಮಣ್ಣು ತಿಂದಿದ್ದರೆ ಜಂತುಹುಳುವಿನ ಔಷಧವನ್ನೂ ಕೇಳಿ ಪಡೆಯಿರಿ.